ಉಪಗ್ರಹ ಕಂಡ ಕಾಡು, ಗೆಜೆಟ್ ಹೇಳುವ ಕಾಡು: ಕೊಡಗಿನ ಎರಡು ಲೆಕ್ಕಗಳನ್ನು ಹೋಲಿಸುವ ಕ್ರಮ

ಕೊಡಗು ಜಿಲ್ಲೆಯ ಭೌಗೋಳಿಕ ವಿಸ್ತೀರ್ಣ 4,102 ಚದರ ಕಿಲೋಮೀಟರ್. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಉಪಗ್ರಹ ಆಧಾರಿತ ವರದಿಗಳನ್ನು ನೋಡಿದರೆ ಇದರಲ್ಲಿ ಸುಮಾರು ಐದರಲ್ಲಿ ನಾಲ್ಕು ಭಾಗ ಅರಣ್ಯ ಹೊದಿಕೆಯಿದೆ. ಅದೇ ಜಿಲ್ಲೆಯ ಭೂಬಳಕೆ ಅಂಕಿಅಂಶಗಳಲ್ಲಿ ‘ಅರಣ್ಯ’ ಎಂಬ ಕಲಮಿನಡಿ ಕಾಣುವುದು ಸುಮಾರು 1.35 ಲಕ್ಷ ಹೆಕ್ಟೇರ್, ಅಂದರೆ 1,350 ಚದರ ಕಿಲೋಮೀಟರ್, ಜಿಲ್ಲೆಯ ಮೂರನೇ ಒಂದು ಭಾಗ. ಎರಡೂ ಸರ್ಕಾರದ್ದೇ ಅಂಕಿಗಳು. ಎರಡರಲ್ಲಿ ಯಾವುದೂ ಸುಳ್ಳಲ್ಲ. ಆದರೂ ರಸ್ತೆ ಅಥವಾ ವಿದ್ಯುತ್ ಮಾರ್ಗದ ಚರ್ಚೆ ಬಂದಾಗಲೆಲ್ಲ ಒಂದು ಪಕ್ಷದವರು ಮೊದಲನೆಯದನ್ನೂ ಇನ್ನೊಂದು ಪಕ್ಷದವರು ಎರಡನೆಯದನ್ನೂ ಎತ್ತಿ ಹಿಡಿಯುತ್ತಾರೆ, ಮತ್ತು ಎರಡರ ನಡುವಿನ ಎರಡು ಸಾವಿರ ಚದರ ಕಿಲೋಮೀಟರ್ ಯಾವ ಬಗೆಯ ನೆಲ ಎಂಬುದನ್ನು ಯಾರೂ ಹೇಳುವುದಿಲ್ಲ.

ಈ ಮಾರ್ಗದರ್ಶಿ ಆ ನಡುವಿನ ನೆಲವನ್ನು ಲೆಕ್ಕಕ್ಕೆ ತರುವ ಕ್ರಮವನ್ನು ವಿವರಿಸುತ್ತದೆ. ಪತ್ರಕರ್ತರು, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕೆಲಸ ಮಾಡುವವರು, ಸಂಶೋಧನಾ ವಿದ್ಯಾರ್ಥಿಗಳು ಮತ್ತು ತಮ್ಮ ತೋಟ ನಕ್ಷೆಯಲ್ಲಿ ಕಾಡಾಗಿ ಕಂಡಿತೆಂದು ಗಾಬರಿಯಾದ ಬೆಳೆಗಾರರು ಇದನ್ನು ಬಳಸಬಹುದು. ಕೊಡಗನ್ನು ಆರಿಸಿಕೊಂಡ ಕಾರಣವೆಂದರೆ ಎರಡು ಲೆಕ್ಕಗಳ ನಡುವಿನ ಅಂತರ ಇಲ್ಲಿರುವಷ್ಟು ಸ್ಪಷ್ಟವಾಗಿ ರಾಜ್ಯದ ಬೇರೆ ಕಡೆ ಸಿಗುವುದು ಕಷ್ಟ. ಉತ್ತರ ಕನ್ನಡದಲ್ಲಿ ಎರಡೂ ಅಂಕಿಗಳು ಹತ್ತಿರ ಹತ್ತಿರ ಇರುವುದರಿಂದ ಅಲ್ಲಿನ ಗೊಂದಲ ಮೇಲ್ನೋಟಕ್ಕೆ ಕಾಣಿಸುವುದೇ ಇಲ್ಲ. ಆದರೆ ಎರಡು ಅಂಕಿಗಳು ಸಮವಾಗಿವೆ ಎಂದ ಮಾತ್ರಕ್ಕೆ ಎರಡೂ ಒಂದೇ ನೆಲವನ್ನು ಕುರಿತವು ಎಂದಾಗುವುದಿಲ್ಲ.

ಮೊದಲ ಹೆಜ್ಜೆ: ಉಪಗ್ರಹದ ಅಂಕಿ ಏನನ್ನು ಎಣಿಸಿದೆ ಎಂದು ತಿಳಿಯುವುದು

ಅರಣ್ಯ ಸರ್ವೇಕ್ಷಣಾ ಸಂಸ್ಥೆ 1987ರಿಂದ ಎರಡು ವರ್ಷಕ್ಕೊಮ್ಮೆ ಭಾರತ ಅರಣ್ಯ ಸ್ಥಿತಿ ವರದಿಯನ್ನು ಪ್ರಕಟಿಸುತ್ತಾ ಬಂದಿದೆ. ವರದಿಯ ಪ್ರತಿಗಳು fsi.nic.in ತಾಣದಲ್ಲಿ ಸಿಗುತ್ತವೆ. ಕರ್ನಾಟಕದ ಅಧ್ಯಾಯದೊಳಗೆ ಜಿಲ್ಲಾವಾರು ಕೋಷ್ಟಕವಿದ್ದು, ಅದರಲ್ಲಿ ಅತಿ ದಟ್ಟ, ಮಧ್ಯಮ ದಟ್ಟ ಮತ್ತು ತೆರೆದ ಅರಣ್ಯ ಎಂಬ ಮೂರು ಕಲಮುಗಳು, ಅವುಗಳ ಮೊತ್ತ, ಹಿಂದಿನ ವರದಿಗಿಂತ ಆದ ವ್ಯತ್ಯಾಸ ಮತ್ತು ಪ್ರತ್ಯೇಕವಾಗಿ ಕುರುಚಲು ಭೂಮಿ ಇರುತ್ತವೆ. ಕುರುಚಲು ಭೂಮಿ ಮೊತ್ತದೊಳಗೆ ಸೇರಿಲ್ಲ ಎಂಬುದನ್ನು ಮೊದಲೇ ಗುರುತಿಸಿಕೊಳ್ಳಿ.

ಈ ಮೂರು ವರ್ಗಗಳನ್ನು ಬೇರ್ಪಡಿಸುವುದು ಮರಗಳ ನೆತ್ತಿ ನೆಲವನ್ನು ಎಷ್ಟು ಮುಚ್ಚಿದೆ ಎಂಬ ಒಂದೇ ಅಳತೆ. ಶೇ. 70 ಮತ್ತು ಅದಕ್ಕಿಂತ ಹೆಚ್ಚು ಮುಚ್ಚಿದ್ದರೆ ಅತಿ ದಟ್ಟ, 40ರಿಂದ 70ರವರೆಗೆ ಮಧ್ಯಮ, 10ರಿಂದ 40ರವರೆಗೆ ತೆರೆದ ಅರಣ್ಯ. ಒಂದು ಹೆಕ್ಟೇರಿಗಿಂತ ದೊಡ್ಡದಾದ ಯಾವ ನೆಲದಲ್ಲಾದರೂ ಶೇ. 10ಕ್ಕಿಂತ ಹೆಚ್ಚು ನೆತ್ತಿ ಹೊದಿಕೆ ಇದ್ದರೆ ಅದು ಅರಣ್ಯ ಹೊದಿಕೆ. ಆ ನೆಲ ಯಾರದು, ಕಾನೂನಿನ ಪ್ರಕಾರ ಅದೇನು, ಅಲ್ಲಿನ ಮರ ಹಾಲುವಾಣವೋ ರಬ್ಬರೋ ಎಂಬುದು ಈ ವ್ಯಾಖ್ಯಾನಕ್ಕೆ ಬೇಕಿಲ್ಲ. ಹಣ್ಣಿನ ತೋಟ, ಬಿದಿರು, ತಾಳೆಗಳೂ ಇದರೊಳಗೆ ಬರುತ್ತವೆ ಎಂದು ವರದಿಯೇ ಹೇಳುತ್ತದೆ. ಪೂರ್ತಿ ಅಂತರದ ಬೇರು ಇರುವುದು ಈ ಒಂದು ವಾಕ್ಯದಲ್ಲಿ.

ಕೊಡಗಿನ ಕಾಫಿ ತೋಟವನ್ನು ಮೇಲಿನಿಂದ ನೋಡಿದರೆ ಕಾಣುವುದು ಕಾಫಿಯಲ್ಲ, ನೆರಳಿನ ಮರಗಳು. ಹಲಸು, ಅತ್ತಿ, ನಂದಿ, ಹೊನ್ನೆ, ನಡುನಡುವೆ ಸಿಲ್ವರ್ ಓಕ್. ಅವುಗಳ ಕೆಳಗೆ ಗಿಡದಿಂದ ಗಿಡಕ್ಕೆ ಒತ್ತಾಗಿ ನಿಂತ ಕಾಫಿಯೂ ಹಸಿರೇ ಆದ್ದರಿಂದ ನೆರಳಿನ ನಡುವೆ ಬಿಟ್ಟ ಜಾಗವೂ ಉಪಗ್ರಹದ ಕಣ್ಣಿಗೆ ಬರಿದಾಗಿ ಕಾಣುವುದಿಲ್ಲ. ಇನ್ನೊಂದು ಕಾರಣವೂ ಇದೆ. ತೋಟದವರು ನೆರಳು ಬಿಡಿಸುವುದು, ಅಂದರೆ ಕೊಂಬೆ ಸವರುವುದು, ಹೆಚ್ಚಾಗಿ ಮುಂಗಾರಿನ ಆಸುಪಾಸಿನಲ್ಲಿ. ವರದಿಗೆ ಆರಿಸುವ ಚಿತ್ರಗಳಾದರೋ ಹೆಚ್ಚಾಗಿ ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನವು. ಮೋಡ ಕಡಿಮೆ, ಎಲೆ ತುಂಬಿರುವ ಕಾಲ. ಅಷ್ಟರಲ್ಲಿ ಸವರಿದ ಮರಗಳು ಮತ್ತೆ ಚಿಗುರಿರುತ್ತವೆ. ಆದ್ದರಿಂದ ನೆರಳು ಚೆನ್ನಾಗಿರುವ ತೋಟ ಮಧ್ಯಮ ದಟ್ಟ ಅರಣ್ಯವಾಗಿಯೂ, ನೆರಳು ತೆಳುವಾದ ರೊಬಸ್ಟಾ ತೋಟ ತೆರೆದ ಅರಣ್ಯವಾಗಿಯೂ ದಾಖಲಾಗುವುದು ತಪ್ಪಲ್ಲ, ವ್ಯಾಖ್ಯಾನಕ್ಕೆ ಅನುಗುಣವಾದ ಫಲಿತಾಂಶ.

ಅಳತೆಯ ಸೂಕ್ಷ್ಮತೆಗೂ ಒಂದು ಮಿತಿಯಿದೆ. ಬಳಕೆಯಾಗುವುದು ರಿಸೋರ್ಸ್‌ಸ್ಯಾಟ್ ಉಪಗ್ರಹದ ಲಿಸ್-3 ಸಂವೇದಕ. ಅದರ ಒಂದು ಚಿತ್ರಬಿಂದು ನೆಲದ ಮೇಲೆ 23.5 ಮೀಟರ್ ಉದ್ದ, ಅಷ್ಟೇ ಅಗಲ. ಒಂದು ಹೆಕ್ಟೇರ್ ಆಗಲು ಇಂತಹ ಸುಮಾರು 18 ಬಿಂದುಗಳು ಸೇರಬೇಕು. ಅದಕ್ಕಿಂತ ಚಿಕ್ಕದಾದದ್ದು ಸುತ್ತಲಿನ ವರ್ಗದೊಳಗೆ ಕರಗಿಹೋಗುತ್ತದೆ. 2018ರ ಆಗಸ್ಟಿನಲ್ಲಿ ಮಡಿಕೇರಿ ಮತ್ತು ಸೋಮವಾರಪೇಟೆ ತಾಲ್ಲೂಕುಗಳ ಬೆಟ್ಟಗಳು ಕುಸಿದಾಗ ಆದ ಗಾಯಗಳಲ್ಲಿ ದೊಡ್ಡವು ಇಂತಹ ನಕ್ಷೆಯಲ್ಲಿ ಉಳಿಯಬಹುದು. ಮನೆ ಹಿಂದಿನ ಅರ್ಧ ಎಕರೆ ಜಾರಿದ್ದು ಉಳಿಯುವುದಿಲ್ಲ. ಹಾಗೆಯೇ ಭತ್ತದ ಗದ್ದೆಯ ಬದಿಯಲ್ಲಿ ನಿಂತ ಒಂದು ಸಾಲು ಮರ ಅರಣ್ಯ ಹೊದಿಕೆಯಾಗುವುದಿಲ್ಲ.

ಕೋಷ್ಟಕದಿಂದ ಅಂಕಿ ಎತ್ತಿಕೊಳ್ಳುವಾಗ ವರದಿಯ ವರ್ಷದ ಜೊತೆಗೆ ಚಿತ್ರದ ವರ್ಷವನ್ನೂ ಬರೆದುಕೊಳ್ಳಬೇಕು. 2021ರ ವರದಿ 2019ರ ಕೊನೆಯ ಚಿತ್ರಗಳನ್ನು ಆಧರಿಸಿದೆ, 2019ರದ್ದು 2017ರ ಕೊನೆಯವನ್ನು. ವ್ಯತ್ಯಾಸದ ಕಲಮನ್ನಂತೂ ಇನ್ನಷ್ಟು ಎಚ್ಚರದಿಂದ ಓದಬೇಕು. ಮೂರು ಸಾವಿರಕ್ಕೂ ಮೀರಿದ ಮೊತ್ತದಲ್ಲಿ ಇಪ್ಪತ್ತು ಮೂವತ್ತು ಚದರ ಕಿಲೋಮೀಟರಿನ ಏರಿಳಿತ ಶೇ. 1ರ ಒಳಗಿನ ಮಾತು. ಅದು ಮರ ಕಡಿದದ್ದರಿಂದಲೂ ಆಗಬಹುದು, ಹಿಂದಿನ ಬಾರಿ ತಪ್ಪಾಗಿ ಗುರುತಿಸಿದ ತುಣುಕುಗಳನ್ನು ತಿದ್ದಿದ್ದರಿಂದಲೂ ಆಗಬಹುದು. ಎರಡು ವರದಿಗಳ ಮೊತ್ತ ಕಳೆದು ‘ಇಷ್ಟು ಕಾಡು ನಾಶ’ ಎಂದು ಶೀರ್ಷಿಕೆ ಕೊಡುವುದಕ್ಕೆ ಈ ಕಲಮು ಆಧಾರವಾಗಲಾರದು.

ಎರಡನೆಯ ಹೆಜ್ಜೆ: ಕಾನೂನಿನ ಕಾಡನ್ನು ಕಟ್ಟಿಕೊಳ್ಳುವುದು

ಇದು ಹೆಚ್ಚು ಶ್ರಮದ ಭಾಗ. ಅರಣ್ಯ ಸ್ಥಿತಿ ವರದಿಯಲ್ಲಿ ‘ದಾಖಲಿತ ಅರಣ್ಯ ಪ್ರದೇಶ’ ಎಂಬ ಅಂಕಿ ರಾಜ್ಯ ಮಟ್ಟದಲ್ಲಿದೆ. ಕರ್ನಾಟಕಕ್ಕೆ 2021ರ ವರದಿಯಲ್ಲಿ ಅದು 38,284 ಚದರ ಕಿಲೋಮೀಟರ್, ಅದೇ ವರದಿಯ ಅರಣ್ಯ ಹೊದಿಕೆ 38,730. ಇವೆರಡರ ನಡುವೆ ಬರೀ 446 ಚದರ ಕಿಲೋಮೀಟರ್ ವ್ಯತ್ಯಾಸವಿರುವುದನ್ನು ನೋಡಿ ಕಾನೂನಿನ ಕಾಡೆಲ್ಲ ಮರ ತುಂಬಿಕೊಂಡಿದೆ ಎಂದು ಭಾವಿಸಿದವರನ್ನು ನಾನು ಕಂಡಿದ್ದೇನೆ. ನಿಜದಲ್ಲಿ ಕೊಡಗು, ಚಿಕ್ಕಮಗಳೂರು, ಕರಾವಳಿಗಳ ತೋಟದ ಮರಗಳು ಒಂದು ತಟ್ಟೆಯಲ್ಲಿ, ಬಯಲುಸೀಮೆಯ ಮೀಸಲು ಅರಣ್ಯಗಳ ಕುರುಚಲು ಇನ್ನೊಂದು ತಟ್ಟೆಯಲ್ಲಿ ಕೂತು ತಕ್ಕಡಿ ಸಮನಾಗಿ ಕಾಣುತ್ತಿದೆ, ಅಷ್ಟೆ.

ಜಿಲ್ಲಾವಾರು ಕೋಷ್ಟಕದಲ್ಲಿ ಈ ದಾಖಲಿತ ಪ್ರದೇಶ ಇಲ್ಲ. ಜಿಲ್ಲೆಯ ಅಂಕಿಅಂಶ ನೋಟದಲ್ಲಿ ಕಾಣುವ 1.35 ಲಕ್ಷ ಹೆಕ್ಟೇರ್ ಭೂಬಳಕೆಯ ವರ್ಗೀಕರಣಕ್ಕೆ ಸೇರಿದ್ದು. ಅದನ್ನು ಆರಂಭದ ಅಂದಾಜಾಗಿ ಬಳಸಬಹುದೇ ಹೊರತು ಅಧಿಸೂಚಿತ ಅರಣ್ಯದ ಪುರಾವೆಯಾಗಿ ಅಲ್ಲ. ಪುರಾವೆ ಬೇಕಾದರೆ ಒಂದೊಂದೇ ಅರಣ್ಯದ ಅಧಿಸೂಚನೆಗೆ ಹೋಗಬೇಕು.

ಕರ್ನಾಟಕ ಅರಣ್ಯ ಅಧಿನಿಯಮ 1963ರ 4ನೇ ಪ್ರಕರಣದಡಿ ಸರ್ಕಾರ ಒಂದು ಪ್ರದೇಶವನ್ನು ಮೀಸಲು ಅರಣ್ಯವಾಗಿ ಮಾಡುವ ಉದ್ದೇಶವನ್ನು ಪ್ರಕಟಿಸಿ ಅರಣ್ಯ ವ್ಯವಸ್ಥಾಪನಾಧಿಕಾರಿಯನ್ನು ನೇಮಿಸುತ್ತದೆ. ಆ ಅಧಿಕಾರಿ ಜನರ ಹಕ್ಕುಬಾಧ್ಯತೆಗಳನ್ನು ವಿಚಾರಿಸಿ ಇತ್ಯರ್ಥಪಡಿಸಿದ ಮೇಲೆ 17ನೇ ಪ್ರಕರಣದಡಿ ಅಂತಿಮ ಅಧಿಸೂಚನೆ ಹೊರಡುತ್ತದೆ. 4 ಹೊರಟು 17 ಹೊರಡದೆ ದಶಕಗಳಿಂದ ಹಾಗೇ ನಿಂತ ಪ್ರದೇಶಗಳು ರಾಜ್ಯದಲ್ಲಿವೆ. ನಿಮ್ಮ ಪಟ್ಟಿಯಲ್ಲಿ ಇವೆರಡನ್ನು ಬೇರೆ ಬೇರೆ ಕಲಮಿನಲ್ಲಿಡಿ. 28ನೇ ಪ್ರಕರಣದಡಿ ಮೀಸಲಾತಿಯಿಂದ ಕೈಬಿಟ್ಟ ಭಾಗಗಳಿದ್ದರೆ ಅವುಗಳನ್ನು ಕಳೆಯಲು ಮೂರನೆಯ ಕಲಮು ಬೇಕು.

ಕೊಡಗಿನಲ್ಲಿ ಒಂದು ವಿಶೇಷ ತೊಡಕಿದೆ. 1956ರ ನವೆಂಬರ್‌ವರೆಗೆ ಅದು ಪ್ರತ್ಯೇಕ ರಾಜ್ಯವಾಗಿತ್ತು, ಅಲ್ಲಿನ ಮೀಸಲು ಅರಣ್ಯಗಳಲ್ಲಿ ಹಲವು 1963ರ ಅಧಿನಿಯಮಕ್ಕಿಂತ ಬಹಳ ಹಿಂದಿನವು. ಆದ್ದರಿಂದ ‘17ನೇ ಪ್ರಕರಣದ ಅಧಿಸೂಚನೆ ಕೊಡಿ’ ಎಂದು ಮಾತ್ರ ಕೇಳಿದರೆ ಹಳೆಯ ಅರಣ್ಯಗಳು ಪಟ್ಟಿಯಿಂದ ತಪ್ಪಿಹೋಗುತ್ತವೆ. ಕೇಂದ್ರದ 1927ರ ಕಾಯ್ದೆಯಲ್ಲಿ ಅಂತಿಮ ಘೋಷಣೆಯ ಪ್ರಕರಣ 20, ಮದರಾಸಿನ 1882ರ ಕಾಯ್ದೆಯಲ್ಲಿ 16. ಪ್ರಕರಣದ ಸಂಖ್ಯೆ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ‘ಯಾವುದೇ ಕಾನೂನಿನಡಿ ಹೊರಡಿಸಿದ ಅಂತಿಮ ಅಧಿಸೂಚನೆ’ ಎಂದು ಬರೆಯುವುದು ಕ್ಷೇಮ. ಹತ್ತು ರೂಪಾಯಿ ಶುಲ್ಕದ ಒಂದು ಅರ್ಜಿಯಲ್ಲಿ ಉಪ ಅರಣ್ಯ ಸಂರಕ್ಷಣಾಧಿಕಾರಿಯವರ ಕಚೇರಿಯಿಂದ ಅರಣ್ಯದ ಹೆಸರು, ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ, ಅಧಿಸೂಚನೆಯಲ್ಲಿರುವ ವಿಸ್ತೀರ್ಣ, ಗ್ರಾಮ ಮತ್ತು ಸರ್ವೆ ನಂಬರುಗಳು, ಗಡಿಯ ಡಿಜಿಟಲ್ ನಕ್ಷೆ ಇವಿಷ್ಟನ್ನು ಕೇಳಿ. ಇತ್ತೀಚಿನ ಅಧಿಸೂಚನೆಗಳನ್ನು erajyapatra.karnataka.gov.in ತಾಣದಲ್ಲಿ ಹುಡುಕಬಹುದು.

ಬಂದ ಪಟ್ಟಿಯನ್ನು ಕೂಡುವಾಗ ಎರಡು ಗುಂಡಿಗಳಿವೆ, ಮೊದಲ ಸಲ ನಾನು ಎರಡರಲ್ಲೂ ಬಿದ್ದಿದ್ದೆ. ಬ್ರಹ್ಮಗಿರಿ, ಪುಷ್ಪಗಿರಿ ಮತ್ತು ತಲಕಾವೇರಿ ವನ್ಯಜೀವಿಧಾಮಗಳ ವಿಸ್ತೀರ್ಣ ಒಟ್ಟು ಸುಮಾರು 390 ಚದರ ಕಿಲೋಮೀಟರ್. ಇದನ್ನು ಮೀಸಲು ಅರಣ್ಯದ ಮೊತ್ತಕ್ಕೆ ಸೇರಿಸಬಾರದು. ವನ್ಯಜೀವಿ ಕಾಯ್ದೆಯ ಘೋಷಣೆ ಈಗಾಗಲೇ ಮೀಸಲಾಗಿದ್ದ ಅರಣ್ಯದ ಮೇಲೆ ಹಾಸಿದ ಇನ್ನೊಂದು ಪದರ. ಸೇರಿಸಿದರೆ ಒಂದೇ ನೆಲವನ್ನು ಎರಡು ಸಲ ಎಣಿಸಿದಂತೆ. ಎರಡನೆಯದು ನಾಗರಹೊಳೆ. ಅದರ 643 ಚದರ ಕಿಲೋಮೀಟರ್ ಕೊಡಗು ಮತ್ತು ಮೈಸೂರು ಎರಡೂ ಜಿಲ್ಲೆಗಳಲ್ಲಿ ಹಂಚಿಹೋಗಿದೆ. ಅರಣ್ಯ ವಿಭಾಗದ ಎಲ್ಲೆ ಮತ್ತು ಕಂದಾಯ ಜಿಲ್ಲೆಯ ಎಲ್ಲೆ ಒಂದೇ ಅಲ್ಲವಾದ್ದರಿಂದ ವಿಭಾಗಗಳ ಮೊತ್ತ ಜಿಲ್ಲೆಯ ಮೊತ್ತವಾಗುವುದಿಲ್ಲ.

ಇನ್ನು ಉಳಿದದ್ದು ಅಧಿಸೂಚನೆಯೇ ಇಲ್ಲದ, ಆದರೆ ಕಾನೂನಿನ ಕೈ ತಲುಪುವ ನೆಲ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಿಘಂಟಿನ ಅರ್ಥದಲ್ಲಿ ಅರಣ್ಯವಾಗಿರುವುದೂ ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದು ನಮೂದಾಗಿರುವುದೂ, ಮಾಲೀಕತ್ವ ಯಾರದೇ ಇರಲಿ, 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ ಒಳಪಡುತ್ತದೆ ಎಂದಿತು. ಆ ಆದೇಶದಿಂದ ಹುಟ್ಟಿದ್ದೇ ಪರಿಭಾವಿತ ಅರಣ್ಯ, ಆಡುಮಾತಿನ ಡೀಮ್ಡ್ ಫಾರೆಸ್ಟ್. ಕರ್ನಾಟಕ ಮೊದಲು ಗುರುತಿಸಿದ್ದು 9.94 ಲಕ್ಷ ಹೆಕ್ಟೇರ್. 2022ರ ಮೇ ತಿಂಗಳಲ್ಲಿ ಅಂತಿಮವಾಗಿ ಘೋಷಿಸಿದ್ದು ಸುಮಾರು 3.30 ಲಕ್ಷ ಹೆಕ್ಟೇರ್. ಈ ಮೂರನೇ ಎರಡು ಭಾಗ ಪಟ್ಟಿಯಿಂದ ಹೊರಬಿದ್ದಾಗ ಉಪಗ್ರಹದ ಲೆಕ್ಕದಲ್ಲಿ ಒಂದು ಮರವೂ ಕಡಿಮೆಯಾಗಲಿಲ್ಲ ಎಂಬುದನ್ನು ಗಮನಿಸಿದರೆ ಎರಡು ಅಂಕಿಗಳು ಎಷ್ಟು ಸ್ವತಂತ್ರ ಎಂಬುದು ಮನಸ್ಸಿಗೆ ಬರುತ್ತದೆ. ಕೊಡಗಿನಲ್ಲಿ ಇದರ ಜೊತೆಗೆ ಪೈಸಾರಿ ಎಂಬ ಸರ್ಕಾರಿ ಪಾಳುಭೂಮಿ, ದೇವರಕಾಡು, ಸಿ ಮತ್ತು ಡಿ ವರ್ಗದ ಭೂಮಿ ಎಂಬ ಬಗೆಗಳಿದ್ದು, ಇವು ಕಂದಾಯ ಇಲಾಖೆಯವೋ ಅರಣ್ಯ ಇಲಾಖೆಯವೋ ಎಂಬ ತಗಾದೆ ಹಲವೆಡೆ ಇನ್ನೂ ಮುಗಿದಿಲ್ಲ. ಇವನ್ನು ಮೊತ್ತದೊಳಗೆ ತುರುಕದೆ ‘ಸ್ಥಿತಿ ಇತ್ಯರ್ಥವಾಗಿಲ್ಲ’ ಎಂಬ ಪ್ರತ್ಯೇಕ ಸಾಲಿನಲ್ಲಿಡುವುದು ಪ್ರಾಮಾಣಿಕ ಕ್ರಮ.

ಮೂರನೆಯ ಹೆಜ್ಜೆ: ನಕ್ಷೆ ಸಿಗುವ ಮುನ್ನವೇ ಮಾಡಬಹುದಾದ ಲೆಕ್ಕ

ಮಾಹಿತಿ ಹಕ್ಕಿನ ಉತ್ತರಕ್ಕೆ ಮೂವತ್ತು ದಿನ ಕಾಯಬೇಕು. ಅಷ್ಟರೊಳಗೆ ಕಾಗದ ಪೆನ್ಸಿಲ್ಲಿನಲ್ಲಿಯೇ ಒಂದು ಉಪಯುಕ್ತ ಲೆಕ್ಕ ಮಾಡಬಹುದು. ಜಿಲ್ಲೆಯ ವಿಸ್ತೀರ್ಣ 4,102. ಉಪಗ್ರಹದ ಹೊದಿಕೆಯನ್ನು ಐದರಲ್ಲಿ ನಾಲ್ಕು ಎಂದು ಹಿಡಿದು ಸುಮಾರು 3,280 ಎನ್ನೋಣ. ಕಾನೂನಿನ ಕಾಡು 1,350 ಎನ್ನೋಣ. ಇವೆರಡೂ ಒಂದರ ಮೇಲೊಂದು ಎಷ್ಟು ಬಿದ್ದಿವೆ ಎಂದು ನಮಗೆ ಗೊತ್ತಿಲ್ಲ, ಆದರೆ ಅದಕ್ಕೆ ಮೇಲಿನ ಮತ್ತು ಕೆಳಗಿನ ಮಿತಿಗಳಿವೆ.

ಕಾನೂನಿನ ಕಾಡಿನ ಪ್ರತಿ ಅಂಗುಲದಲ್ಲೂ ಮರವಿದೆ ಎಂದುಕೊಂಡರೆ ಎರಡರಲ್ಲೂ ಸೇರಿದ ನೆಲ 1,350. ಇದು ಮೇಲಿನ ಮಿತಿ. ಆಗ ಕಾನೂನಿನ ಕಾಡಿನ ಹೊರಗಿರುವ ಹೊದಿಕೆ 3,280ರಲ್ಲಿ 1,350 ಕಳೆದರೆ 1,930. ಕೆಳಗಿನ ಮಿತಿಗೆ ಎರಡನ್ನೂ ಕೂಡಿ ಜಿಲ್ಲೆಯ ವಿಸ್ತೀರ್ಣ ಕಳೆಯಬೇಕು: 4,630ರಲ್ಲಿ 4,102 ಹೋದರೆ 528. ಅಂದರೆ ಏನೇ ಆದರೂ ಕನಿಷ್ಠ 1,930 ಚದರ ಕಿಲೋಮೀಟರ್ ಮರದ ಹೊದಿಕೆ ಕಾನೂನಿನ ಕಾಡಿನ ಹೊರಗಿದೆ. ನಕ್ಷೆಯಿಲ್ಲದೆಯೇ ಇಷ್ಟನ್ನು ಖಚಿತವಾಗಿ ಹೇಳಬಹುದು.

ಈಗ ಅದನ್ನು ಬೇರೊಂದು ಮೂಲದ ಜೊತೆ ಇಟ್ಟು ನೋಡಿ. ಕೊಡಗಿನಲ್ಲಿ ಕಾಫಿ ಬೆಳೆದ ಪ್ರದೇಶ ಒಂದು ಲಕ್ಷ ಹೆಕ್ಟೇರಿಗೂ ಸ್ವಲ್ಪ ಹೆಚ್ಚು, ಅಂದರೆ ಸಾವಿರ ಚದರ ಕಿಲೋಮೀಟರಿಗೆ ಮೀರಿ. ಅದಷ್ಟೂ ಹೊದಿಕೆಯಾಗಿ ಎಣಿಕೆಯಾಗಿದ್ದರೂ 1,930ರಲ್ಲಿ ಸುಮಾರು ಅರ್ಧಕ್ಕೆ ಮಾತ್ರ ವಿವರಣೆ ಸಿಕ್ಕಂತಾಯಿತು. ‘ಕೊಡಗಿನ ಹೆಚ್ಚುವರಿ ಕಾಡೆಲ್ಲ ಕಾಫಿ ತೋಟ’ ಎಂಬ ಮಾತು ಈ ಸರಳ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಉಳಿದದ್ದು ಬಾಣೆ, ಅಂದರೆ ಗದ್ದೆಗೆ ಹೊಂದಿಕೊಂಡ ಎತ್ತರದ ಜಮೀನುಗಳಲ್ಲಿ ಕಾಫಿ ಹಾಕದವುಗಳ ಮರಗಳು, ಪೈಸಾರಿ, ಸಾವಿರದ ಇನ್ನೂರಕ್ಕೂ ಹೆಚ್ಚಿರುವ ದೇವರಕಾಡುಗಳು, ಹೊಳೆದಂಡೆಗಳು, ರಬ್ಬರ್ ಮತ್ತು ಇತರ ತೋಟಗಳು. ನನ್ನ ದೃಷ್ಟಿಯಲ್ಲಿ ಜಿಲ್ಲೆಯ ಅತ್ಯಂತ ಅರಕ್ಷಿತ ಮರಗಳು ಇರುವುದು ಈ ಉಳಿದ ಅರ್ಧದಲ್ಲಿ, ಏಕೆಂದರೆ ತೋಟದ ಮಾಲೀಕನಿಗೆ ನೆರಳು ಉಳಿಸಿಕೊಳ್ಳುವ ಕಾರಣವಾದರೂ ಇದೆ.

ನಾಲ್ಕನೆಯ ಹೆಜ್ಜೆ: ಒಂದರ ಮೇಲೊಂದು ಹಾಸಿ ಅಳೆಯುವುದು

ಗಡಿಯ ನಕ್ಷೆ ಸಿಕ್ಕ ಮೇಲೆ ಕ್ಯುಜಿಐಎಸ್ ತಂತ್ರಾಂಶದಲ್ಲಿ ಮೂರು ಪದರಗಳನ್ನು ತೆರೆಯಿರಿ: ಜಿಲ್ಲೆಯ ಗಡಿ, ಅಧಿಸೂಚಿತ ಅರಣ್ಯದ ಗಡಿ, ಹೊದಿಕೆಯ ವರ್ಗಗಳಿರುವ ಚಿತ್ರ. ಹೊದಿಕೆಯ ಚಿತ್ರ ಸಂಸ್ಥೆಯಿಂದಲೇ ಸಿಕ್ಕರೆ ಉತ್ತಮ. ಬೇರೆ ಉಪಗ್ರಹದ ಚಿತ್ರದಿಂದ ನೀವೇ ವರ್ಗೀಕರಿಸಿದ್ದರೆ ಅದು ನಿಮ್ಮ ನಕ್ಷೆ. ಅದರ ಮೊತ್ತವನ್ನು ಸಂಸ್ಥೆಯ ಮೊತ್ತದೊಂದಿಗೆ ಬೆರೆಸಬೇಡಿ.

ಮೊದಲು ಎಲ್ಲ ಪದರಗಳನ್ನೂ ಮೀಟರಿನಲ್ಲಿ ಅಳೆಯುವ ಒಂದೇ ಪ್ರಕ್ಷೇಪಕ್ಕೆ ತರಬೇಕು. ಕೊಡಗು ಯುಟಿಎಂ 43ನೇ ವಲಯದಲ್ಲಿ ಬರುವುದರಿಂದ ಸಂಕೇತ EPSG:32643. ಅಕ್ಷಾಂಶ ರೇಖಾಂಶದ ಡಿಗ್ರಿಗಳಲ್ಲಿರುವ ಪದರದಲ್ಲಿ ನೇರವಾಗಿ ವಿಸ್ತೀರ್ಣ ಕೇಳಿದರೆ ಅರ್ಥವಿಲ್ಲದ ಸಂಖ್ಯೆ ಬರುತ್ತದೆ. ಹೊದಿಕೆಯ ಚಿತ್ರವನ್ನು ಈ ಪ್ರಕ್ಷೇಪಕ್ಕೆ ತರುವ ಆದೇಶ ಇದು:

```
gdalwarp -t_srs EPSG:32643 -tr 23.5 23.5 -r near cover.tif cover_utm.tif
```

ಇಲ್ಲಿ near ಎಂಬುದು ಮುಖ್ಯ. ವರ್ಗದ ಸಂಕೇತಗಳು 1, 2, 3 ಎಂದಿರುವಾಗ ಸರಾಸರಿ ತೆಗೆಯುವ ವಿಧಾನ ಆರಿಸಿದರೆ ಅತಿ ದಟ್ಟ ಮತ್ತು ತೆರೆದ ಅರಣ್ಯದ ನಡುವೆ ಎಲ್ಲೂ ಇಲ್ಲದ ಮಧ್ಯಮ ಅರಣ್ಯದ ಅಂಚು ಹುಟ್ಟಿಕೊಳ್ಳುತ್ತದೆ. ಫಲಿತಾಂಶದಲ್ಲಿ ಪ್ರತಿ ತುಣುಕಿನ ಸುತ್ತ ತೆಳುವಾದ ಬೇಲಿಯಂತೆ ಒಂದು ವರ್ಗ ಕಂಡರೆ ಈ ತಪ್ಪಾಗಿದೆ ಎಂದು ತಿಳಿಯಿರಿ.

ಬಳಿಕ ಅರಣ್ಯದ ಗಡಿಗಳನ್ನು Dissolve ಮಾಡಿ ಒಂದಾಗಿಸಿ. ಮೀಸಲು ಅರಣ್ಯ ಮತ್ತು ವನ್ಯಜೀವಿಧಾಮದ ಎರಡೆಣಿಕೆ ಇಲ್ಲೇ ನಿವಾರಣೆಯಾಗುತ್ತದೆ. ಅದನ್ನು ಜಿಲ್ಲೆಯ ಗಡಿಯಿಂದ Clip ಮಾಡಿದರೆ ನಾಗರಹೊಳೆಯ ಮೈಸೂರು ಭಾಗ ಹೊರಗುಳಿಯುತ್ತದೆ. ಕೊನೆಗೆ Zonal histogram ಉಪಕರಣ ಓಡಿಸಿದರೆ ಗಡಿಯೊಳಗಿನ ಪ್ರತಿ ವರ್ಗದ ಬಿಂದುಗಳ ಸಂಖ್ಯೆ ಸಿಗುತ್ತದೆ. ಒಂದು ಬಿಂದು 552.25 ಚದರ ಮೀಟರ್ ಆದ್ದರಿಂದ ಗುಣಿಸಿ ಹತ್ತು ಲಕ್ಷದಿಂದ ಭಾಗಿಸಿದರೆ ಚದರ ಕಿಲೋಮೀಟರ್. ಗಡಿಯ ವಿಸ್ತೀರ್ಣವನ್ನು ಹೆಕ್ಟೇರಿನಲ್ಲಿ ಪರೀಕ್ಷಿಸಲು ಫೀಲ್ಡ್ ಕ್ಯಾಲ್ಕ್ಯುಲೇಟರಿನಲ್ಲಿ ಇಷ್ಟು ಸಾಕು:

```
area(@geometry) / 10000
```

ಈ ಸಂಖ್ಯೆಯನ್ನು ಅಧಿಸೂಚನೆಯಲ್ಲಿರುವ ವಿಸ್ತೀರ್ಣದೊಂದಿಗೆ ಹೋಲಿಸಿ. ಹಳೆಯ ಅಧಿಸೂಚನೆಗಳು ಗಡಿಯನ್ನು ಮಾತಿನಲ್ಲಿ, ಈ ಹೊಳೆಯಿಂದ ಆ ಬೆಟ್ಟದ ಏಣಿನವರೆಗೆ ಎಂಬಂತೆ ವರ್ಣಿಸುತ್ತವೆ, ವಿಸ್ತೀರ್ಣ ಎಕರೆಗಳಲ್ಲಿ ಇರುತ್ತದೆ. ನಕ್ಷೆಗೂ ಅಧಿಸೂಚನೆಗೂ ಒಂದೆರಡು ಶೇಕಡಾ ವ್ಯತ್ಯಾಸ ಸಹಜ. ಹತ್ತು ಶೇಕಡಾ ಬಂದರೆ ಗಡಿಯನ್ನು ತಪ್ಪಾಗಿ ಎಳೆದಿದ್ದಾರೆ ಅಥವಾ ಕೈಬಿಟ್ಟ ಭಾಗವನ್ನು ಕಳೆದಿಲ್ಲ. ಗಡಿ ಸ್ವಲ್ಪ ಜರುಗಿದರೆ ಏನು ಮಹಾ ಎಂದು ತೋರಬಹುದು. ನೂರು ಕಿಲೋಮೀಟರ್ ಉದ್ದದ ಗಡಿ ಐವತ್ತು ಮೀಟರ್ ಒಳಸರಿದರೆ ಐದು ಚದರ ಕಿಲೋಮೀಟರ್, ಅಂದರೆ 500 ಹೆಕ್ಟೇರ್ ಕಾಡು ಕಾಗದದ ಮೇಲೆ ತೋಟವಾಗುತ್ತದೆ. ಹೊಳೆಯೇ ಗಡಿಯಾಗಿರುವ ಕಡೆ ನಕ್ಷೆಯ ಗೆರೆ ಹೊಳೆಯ ಮೇಲೆಯೇ ಕೂತಿದೆಯೇ ಎಂದು ಕಣ್ಣಾರೆ ನೋಡುವುದು ಇದನ್ನು ಹಿಡಿಯುವ ಸುಲಭ ಉಪಾಯ.

ಒಂದು ಮಾದರಿ ಹಿಡಿಯೋಣ. ಕಾನೂನಿನ ಕಾಡಿನ ಶೇ. 90ರಷ್ಟು ಭಾಗದಲ್ಲಿ ಹೊದಿಕೆ ಕಂಡಿತು ಎಂದಿಟ್ಟುಕೊಳ್ಳಿ. ಇದು ಅಳೆದ ಅಂಕಿಯಲ್ಲ, ಲೆಕ್ಕದ ರೀತಿ ತಿಳಿಯಲು ಊಹಿಸಿದ್ದು. ಆಗ ಕಾನೂನೂ ಮರವೂ ಇರುವ ನೆಲ 1,215. ಮರವಿದ್ದು ಅಧಿಸೂಚನೆ ಇಲ್ಲದ್ದು 2,065. ಅಧಿಸೂಚನೆ ಇದ್ದು ಹೊದಿಕೆ ಕಾಣದ್ದು 135. ಎರಡೂ ಇಲ್ಲದ್ದು 687. ಇವೇ ಕೋಷ್ಟಕದ ನಾಲ್ಕು ಮನೆಗಳು. ನಾಲ್ಕನ್ನೂ ಕೂಡಿದರೆ 4,102 ಬರಲೇಬೇಕು, ಬಾರದಿದ್ದರೆ ಪದರಗಳು ಎಲ್ಲೋ ಸರಿಯಾಗಿ ಹೊಂದಿಲ್ಲ.

ಮೂರನೆಯ ಮನೆಯ 135ನ್ನು ನೋಡಿದವರ ಬಾಯಲ್ಲಿ ಮೊದಲು ಬರುವ ಪದ ಒತ್ತುವರಿ. ಅವಸರ ಬೇಡ. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿಗಳ ನೆತ್ತಿಯಲ್ಲಿ ಇರುವುದು ಹುಲ್ಲುಗಾವಲು. ಮರಗಳು ಕಣಿವೆಯ ಮಡಿಲಿನ ಶೋಲಾಗಳಲ್ಲಿ ಮಾತ್ರ. ಆ ಹುಲ್ಲು ಅಲ್ಲಿನ ಸಹಜ ಸಸ್ಯವೇ ಹೊರತು ಬೋಳಾದ ಕಾಡಲ್ಲ, ಆದರೂ ಉಪಗ್ರಹದ ಲೆಕ್ಕದಲ್ಲಿ ಅದು ಅರಣ್ಯೇತರ. ಎತ್ತರದ ಪದರವೊಂದನ್ನು ಸೇರಿಸಿ, ಹೊದಿಕೆ ಇಲ್ಲದ ತುಣುಕುಗಳು ಬೆಟ್ಟದ ಏಣಿನ ಉದ್ದಕ್ಕೂ ಇದ್ದರೆ ಹುಲ್ಲುಗಾವಲು ಎಂದೂ, ತೋಟ ಅಥವಾ ರಸ್ತೆಯ ಬದಿಯ ಅಂಚಿನಲ್ಲಿ ನೇರ ಗೆರೆಯ ಆಕಾರದಲ್ಲಿದ್ದರೆ ಮಾತ್ರ ಸ್ಥಳ ಪರಿಶೀಲನೆಗೆ ತಕ್ಕದ್ದೆಂದೂ ಬೇರ್ಪಡಿಸಬಹುದು. ವಿಪರ್ಯಾಸವೆಂದರೆ ಒತ್ತುವರಿ ಮಾಡಿ ಕಾಫಿ ಹಾಕಿದ ಜಾಗ ಈ ವಿಧಾನಕ್ಕೆ ಸಿಗುವುದೇ ಇಲ್ಲ. ನೆರಳು ಉಳಿಸಿಕೊಂಡಿದ್ದರೆ ಅದು ಮೊದಲ ಮನೆಯಲ್ಲಿ ಸುರಕ್ಷಿತ ಕಾಡಾಗಿ ಕೂತಿರುತ್ತದೆ.

ಐದನೆಯ ಹೆಜ್ಜೆ: ಒಂದು ಸರ್ವೆ ನಂಬರಿಗೆ ಇಳಿಯುವುದು

ಜಿಲ್ಲೆಯ ಲೆಕ್ಕ ಎಷ್ಟೇ ಸರಿಯಿದ್ದರೂ ಒಂದು ತುಂಡು ನೆಲದ ಪ್ರಶ್ನೆಗೆ ಅದು ಉತ್ತರವಲ್ಲ. ವಂಶಪಾರಂಪರ್ಯ ಹಕ್ಕಿನ ಜಮ್ಮಾ ಬಾಣೆಯ ಹನ್ನೆರಡು ಎಕರೆ, ಅಂದರೆ 4.86 ಹೆಕ್ಟೇರ್ ಕಾಫಿ ತೋಟವೊಂದು ನಕ್ಷೆಯಲ್ಲಿ ಮಧ್ಯಮ ದಟ್ಟ ಅರಣ್ಯವಾಗಿ ಕಂಡಿದೆ ಎನ್ನೋಣ. ಅಲ್ಲಿ ಸುಮಾರು 88 ಬಿಂದುಗಳಿರುತ್ತವೆ. ಅಂಚಿನ ಬಿಂದುಗಳಲ್ಲಿ ಪಕ್ಕದ ನೆಲವೂ ಬೆರೆತಿರುವುದರಿಂದ ಇಷ್ಟು ಸಣ್ಣ ತುಂಡಿಗೆ ಶೇಕಡಾವಾರು ಹೇಳುವುದೇ ಸಲ್ಲದು.

ಅಂತಹ ನೆಲಕ್ಕೆ ದಾಖಲೆಗಳ ದಾರಿಯೇ ಸರಿ. ಮೊದಲು landrecords.karnataka.gov.in ತಾಣದಲ್ಲಿ ಪಹಣಿ ತೆಗೆದು ಭೂಮಿಯ ಬಗೆ ಮತ್ತು ಹಕ್ಕುದಾರರ ಕಲಮುಗಳಲ್ಲಿ ‘ಅರಣ್ಯ’, ‘ಪೈಸಾರಿ’, ‘ದೇವರಕಾಡು’ ಎಂಬ ಪದಗಳಿವೆಯೇ ನೋಡಿ. ಪಹಣಿಯಲ್ಲಿ ಇಲ್ಲದ್ದು ಇಲ್ಲ ಎಂದು ಅಲ್ಲಿಗೇ ನಿಲ್ಲಬಾರದು; ಹಳೆಯ ಅಧಿಸೂಚನೆ ಪಹಣಿಗೆ ಏರದೆ ಉಳಿದ ಉದಾಹರಣೆಗಳಿವೆ. ಆದ್ದರಿಂದ ಪಕ್ಕದ ಮೀಸಲು ಅರಣ್ಯದ ಅಧಿಸೂಚನೆಯ ಅನುಸೂಚಿಯಲ್ಲಿ ಈ ಸರ್ವೆ ನಂಬರಿದೆಯೇ ಎಂದು ಹುಡುಕಿ, ಬಳಿಕ ಡೀಮ್ಡ್ ಅರಣ್ಯದ ಪಟ್ಟಿಯಲ್ಲಿ ನೋಡಿ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಅರಣ್ಯಕ್ಕೆ ಸೇರಿದ್ದು ಪೋಡಿ ಆಗಿರದಿದ್ದರೆ ಯಾವ ಭಾಗ ಎಂದು ದಾಖಲೆಯಿಂದ ತಿಳಿಯುವುದಿಲ್ಲ. ಅರಣ್ಯ ಮತ್ತು ಕಂದಾಯ ಇಲಾಖೆಗಳ ಜಂಟಿ ಸರ್ವೆಗೆ ಅರ್ಜಿ ಹಾಕುವುದೊಂದೇ ಹಾದಿ.

ಮೂರೂ ಕಡೆ ಹೆಸರಿಲ್ಲದಿದ್ದರೆ ನಕ್ಷೆಯ ಹಸಿರು ಬಣ್ಣ ಆ ತೋಟವನ್ನು ಅಧಿಸೂಚಿತ ಅರಣ್ಯ ಮಾಡುವುದಿಲ್ಲ. ಹಾಗೆಂದು ಕೊಡಲಿ ಹಿಡಿಯಲು ಅದು ಅನುಮತಿಯೂ ಅಲ್ಲ. ಖಾಸಗಿ ನೆಲದ ಮರಕ್ಕೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ ಅನ್ವಯಿಸುತ್ತದೆ. ಬಾಣೆಗಳಲ್ಲಿ ಮರದ ಹಕ್ಕು ನೆಲದ ಹಕ್ಕಿನಿಂದ ಬೇರೆಯಾಗಿ ನಡೆದುಬಂದ ಇತಿಹಾಸವೂ ಇದೆ. ಇನ್ನು ನಿಘಂಟಿನ ಅರ್ಥದ ಅರಣ್ಯದ ಪ್ರಶ್ನೆ: 1980ರ ಕಾಯ್ದೆಗೆ 2023ರಲ್ಲಿ ಬಂದ ತಿದ್ದುಪಡಿ ಅದರ ವ್ಯಾಪ್ತಿಯನ್ನು ಕುಗ್ಗಿಸಿದಾಗ, ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯ ಮಧ್ಯಂತರ ಆದೇಶದಲ್ಲಿ 1996ರ ಅರ್ಥವನ್ನೇ ಸದ್ಯಕ್ಕೆ ಅನುಸರಿಸುವಂತೆ ಹೇಳಿತು. ಆದ್ದರಿಂದ ಮರ ತುಂಬಿದ ಪೈಸಾರಿಯೊಂದನ್ನು ‘ಅಧಿಸೂಚನೆ ಇಲ್ಲ, ಹಾಗಾಗಿ ಕಾಡಲ್ಲ’ ಎಂದು ತಳ್ಳಿಹಾಕುವಂತಿಲ್ಲ.

ಬರೆಯುವಾಗ

ಫಲಿತಾಂಶವನ್ನು ಒಂದೇ ಶೇಕಡಾವಾರಾಗಿ ಬರೆಯದೆ ನಾಲ್ಕು ಮನೆಗಳಾಗಿಯೇ ಕೊಡಿ. ‘ಅರಣ್ಯ’ ಎಂಬ ಒಂಟಿ ಪದವನ್ನು ವರದಿಯುದ್ದಕ್ಕೂ ಬಿಟ್ಟು ‘ಅರಣ್ಯ ಹೊದಿಕೆ’ ಅಥವಾ ‘ಅಧಿಸೂಚಿತ ಅರಣ್ಯ’ ಎಂದು ಪೂರ್ತಿ ಬರೆಯಿರಿ. ಓದುಗನಿಗೆ ಸ್ವಲ್ಪ ಭಾರವೆನಿಸಿದರೂ ಗೊಂದಲಕ್ಕಿಂತ ಅದು ಮೇಲು. ಪ್ರತಿ ಅಂಕಿಯ ಪಕ್ಕದಲ್ಲಿ ಚಿತ್ರದ ತಿಂಗಳು ಮತ್ತು ವರ್ಷ, ಅಧಿಸೂಚನೆಯ ಪಟ್ಟಿ ಯಾವ ದಿನಾಂಕದವರೆಗಿನದು, 4ನೇ ಪ್ರಕರಣದ ಪ್ರದೇಶ ಒಳಗಿದೆಯೋ ಹೊರಗಿದೆಯೋ ಎಂಬುದಿರಲಿ. ಕೊಡಗಿನ ಮಟ್ಟಿಗೆ ಹೇಳುವುದಾದರೆ ಒಂದು ವಾಕ್ಯ ಹೀಗಿರಬಹುದು: ‘ಜಿಲ್ಲೆಯ ಸುಮಾರು ಐದರಲ್ಲಿ ನಾಲ್ಕು ಭಾಗದಲ್ಲಿ ಶೇ. 10ಕ್ಕಿಂತ ಹೆಚ್ಚಿನ ಮರದ ಹೊದಿಕೆಯಿದೆ. ಈ ಹೊದಿಕೆಯಲ್ಲಿ ಕನಿಷ್ಠ 1,930 ಚದರ ಕಿಲೋಮೀಟರ್, ಅಂದರೆ ಅರ್ಧಕ್ಕಿಂತ ಹೆಚ್ಚು, ಭೂಬಳಕೆ ದಾಖಲೆಯಲ್ಲಿ ಅರಣ್ಯವೆಂದು ತೋರಿಸಿದ ಪ್ರದೇಶದ ಹೊರಗಿದೆ.’